ರಿಂಗ್ ರೋಡ್ ಆಚೆಯ ಹೊಸ ಬಡಾವಣೆ: ನೀರಿನ ಘಟಕ ಹಾಕಿದರೆ ನಡೆಯುತ್ತಾ?

ಮೂಲೆಸೈಟು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾವಿರೋದು ಮೈಸೂರಿನ ಬೋಗಾದಿ ರಸ್ತೆಯಲ್ಲಿ, ರಿಂಗ್ ರೋಡ್ ದಾಟಿ ಸ್ವಲ್ಪ ಮುಂದೆ ಒಂದು ಖಾಸಗಿ ಬಡಾವಣೆಯಲ್ಲಿ. ಒಟ್ಟು ಸುಮಾರು 600 ಸೈಟು. ಎರಡು ವರ್ಷದ ಹಿಂದೆ ಬೆರಳೆಣಿಕೆಯ ಮನೆ ಇತ್ತು, ಈಗ ಯಾವ ಬೀದಿಗೆ ಹೋದರೂ ಜಲ್ಲಿ, ಮರಳು, ಕಬ್ಬಿಣದ ರಾಶಿ. ಆದರೆ ಸೌಕರ್ಯ ಅಂತ ಏನೂ ಇಲ್ಲ. ಕಾವೇರಿ ನೀರು ಬಂದಿಲ್ಲ, ಬಡಾವಣೆಯ ಬೋರ್‌ವೆಲ್ ನೀರು ವಾರಕ್ಕೆ ಎರಡು ಸಲ ಬಿಡುತ್ತಾರೆ. ಯುಜಿಡಿ ಪೈಪ್ ನೆಲದೊಳಗೆ ಇದೆ, ಮುಖ್ಯ ಲೈನಿಗೆ ಸೇರಿಸಿಲ್ಲ, ಹಾಗಾಗಿ ಎಲ್ಲರದೂ ಪಿಟ್. ಬಸ್ಸು ಮೇನ್ ರೋಡಿನವರೆಗೆ ಮಾತ್ರ. ಡೆವಲಪರ್ ಇನ್ನೂ ಬಡಾವಣೆಯನ್ನು ಪಟ್ಟಣ ಪಂಚಾಯಿತಿಗೆ ಹಸ್ತಾಂತರ ಮಾಡಿಲ್ಲ, ಹಾಗಾಗಿ ಯಾರನ್ನು ಕೇಳಿದರೂ "ನಮಗೆ ಬರಲ್ಲ" ಅನ್ನುತ್ತಾರೆ.

ನಮ್ಮದು ಮೂಲೆ ಸೈಟು. ಮನೆ ಪಕ್ಕದಲ್ಲಿ ಸ್ವಲ್ಪ ಜಾಗ, ಸ್ವಂತ ಬೋರ್‌ವೆಲ್ ಇದೆ. ನಾನು ಕೆಲಸಕ್ಕೆ ಹೋಗುತ್ತೇನೆ, ಮನೆಯವರು ವ್ಯಾಪಾರ ನೋಡಿಕೊಳ್ಳಲು ತಯಾರಿದ್ದಾರೆ. ಕೈಯಲ್ಲಿ 7 ಲಕ್ಷ ಇದೆ. ಒಬ್ಬ ಡೀಲರ್ ಬಂದು ಗಂಟೆಗೆ 1000 ಲೀಟರ್‌ನ ಆರ್‌ಒ ಘಟಕ ಹಾಕಿ, 5.5 ಲಕ್ಷಕ್ಕೆ ಎಲ್ಲಾ ಸೇರಿ ಕೊಡುತ್ತೇನೆ ಅಂದ. ಅವನ ಲೆಕ್ಕ ಹೀಗೆ: 600 ಮನೆ, ದಿನಕ್ಕೊಂದು 20 ಲೀಟರ್ ಕ್ಯಾನ್, ಮನೆಗೆ ತಲುಪಿಸಿದರೆ 30 ರೂಪಾಯಿ, ಅಂದರೆ ದಿನಕ್ಕೆ 18,000. ಕೇಳಿ ತಲೆ ತಿರುಗಿತು. ನಿಜವಾಗಿ ಹೀಗೆ ಆಗುತ್ತಾ? ಇಲ್ಲ ಟ್ಯಾಂಕರ್ ಒಳ್ಳೆಯದಾ? ದಿನಸಿ ಅಂಗಡಿ? ಅನುಭವ ಇರುವವರು ಹೇಳಿ.

ಖಾತಾಪುರಾಣ

ಸಾರ್, ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ಹಸ್ತಾಂತರ ಆಗದ ಬಡಾವಣೆಯಲ್ಲಿ ಸೈಟು ತಗೊಂಡು ನಮ್ಮ ಭಾವ ಖಾತೆಗಾಗಿ ಅಲೆಯುತ್ತಾ ಇದ್ದಾರೆ. ಮೊದಲು ಇ-ಖಾತಾ ನೋಡಿ, ಅನುಮೋದಿತ ನಕ್ಷೆಯಲ್ಲಿ ಪಾರ್ಕು, ಸಿಎ ಸೈಟು ಎಲ್ಲಿದೆ ನೋಡಿ, ಆಮೇಲೆ ಮಾತಾಡಿ.

ಮೂಲೆಸೈಟು

ಸಾರ್, ಸೈಟು ತಗೊಂಡು, ಮನೆ ಕಟ್ಟಿ, ಗೃಹಪ್ರವೇಶನೂ ಆಗಿ ವಾಸ ಇದ್ದೀವಿ. ಈಗ ಕೇಳ್ತಿರೋದು ವ್ಯಾಪಾರದ ವಿಷಯ.

ಖಾತಾಪುರಾಣ

ಓ, ಸರಿ. ಆದರೂ ಖಾತೆ ನೋಡಿಕೊಳ್ಳಿ. ಅಂಗಡಿ ಪರವಾನಗಿಗೆ ಅದನ್ನೇ ಕೇಳೋದು.

ನೀರುಗಂಟಿ

ಖಾತೆಯವರು ಕೊನೆಯಲ್ಲಿ ಹೇಳಿದ್ದು ಸರಿ, ಅದನ್ನು ಮರೆಯಬೇಡಿ. ನಾನು ಹೂಟಗಳ್ಳಿ ಕಡೆ ಕ್ಯಾನ್ ನೀರಿನ ಘಟಕ ನಡೆಸುತ್ತಿದ್ದೆ. ಈಗ ಬೇರೆಯವರ ಘಟಕಗಳ ಸರ್ವಿಸ್ ಮಾತ್ರ ಮಾಡುತ್ತೇನೆ. ಡೀಲರ್ ಲೆಕ್ಕದಲ್ಲಿ ಸೈಟನ್ನೆಲ್ಲ ಮನೆ ಮಾಡಿದ್ದಾನೆ, ಮನೆಯನ್ನೆಲ್ಲ ಗಿರಾಕಿ ಮಾಡಿದ್ದಾನೆ, ಗಿರಾಕಿಗೆಲ್ಲ ದಿನಕ್ಕೆ 20 ಲೀಟರ್ ಕುಡಿಸಿದ್ದಾನೆ. ಮೂರೂ ಆಗೋ ಮಾತಲ್ಲ.

ಮೊದಲು ನಿಮ್ಮ ಬಡಾವಣೆಯಲ್ಲಿ ಜನ ವಾಸ ಇರುವ ಮನೆ ಎಷ್ಟು ಅಂತ ಎಣಿಸಿ. ಕಟ್ಟಿ ಬೀಗ ಹಾಕಿದ ಮನೆ, ಬಾಡಿಗೆಗೆ ಬೋರ್ಡ್ ಹಾಕಿದ ಮನೆ ಲೆಕ್ಕಕ್ಕಿಲ್ಲ. ಸಂಜೆ ಏಳೂವರೆ ಮೇಲೆ ಗಾಡಿಯಲ್ಲಿ ಒಂದು ಸುತ್ತು ಹಾಕಿ, ದೀಪ ಉರಿಯುವ ಮನೆ ಬರೆದುಕೊಳ್ಳಿ. ಭಾನುವಾರ ಬೆಳಿಗ್ಗೆ ತಾರಸಿ ಮೇಲೆ ಬಟ್ಟೆ ಒಣಗಿಸಿದ ಮನೆ ನೋಡಿ. ಎರಡೂ ಹೆಚ್ಚುಕಮ್ಮಿ ತಾಳೆಯಾಗಬೇಕು. ಇನ್ನೂ ಸುಲಭ ಬೇಕಾದರೆ ನಂದಿನಿ ಹಾಲು ಹಾಕುವ ಹುಡುಗನನ್ನು ಕೇಳಿ. ಯಾವ ಮನೆಗೆ ಅರ್ಧ ಲೀಟರ್, ಯಾವ ಮನೆಗೆ ಒಂದು ಲೀಟರ್ ಅನ್ನೋದು ಅವನ ಬಾಯಲ್ಲೇ ಇರುತ್ತೆ. ಸರ್ಕಾರದ ಹತ್ತಿರ ಇಲ್ಲದ ಜನಗಣತಿ ಅವನ ಹತ್ತಿರ ಇದೆ.

ಕಟ್ಟುತ್ತಿರುವ ಮನೆಗಳನ್ನು ಬೇರೆ ಬರೆಯಿರಿ. ಅದರಲ್ಲೂ ಕೆಲಸ ನಡೀತಿರೋದು ಎಷ್ಟು, ದುಡ್ಡಿಲ್ಲದೆ ನಿಂತಿರೋದು ಎಷ್ಟು ಅಂತ ಬಿಡಿಸಿ.

ಆಮೇಲೆ ನಿಮ್ಮ ಬೋರಿನ ನೀರು ಪರೀಕ್ಷೆ ಮಾಡಿಸಿ. ಬರೀ ಟಿಡಿಎಸ್ ಅಲ್ಲ, ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ ಎಲ್ಲಾ. ಅದು ಬಂದ ಮೇಲೆ ಮಷಿನ್ ಮಾತಾಡೋಣ.

ಟಿಡಿಎಸ್‌ಮೀಟರ್

ಲ್ಯಾಬ್‌ಗೆ ಯಾಕೆ ಸುಮ್ಮನೆ ದುಡ್ಡು? ಆನ್‌ಲೈನಲ್ಲಿ ಪೆನ್ ತರಹದ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಬೋರಿನ ನೀರು 900 ಇದೆ ಅಂದುಕೊಳ್ಳಿ, ಆರ್‌ಒ ಮಾಡಿ 50ಕ್ಕೆ ಇಳಿಸಿದರೆ ನೀರು ಶುದ್ಧ. ಗಿರಾಕಿ ಎದುರಿಗೇ ಮೀಟರ್ ಅದ್ದಿ ತೋರಿಸಿ, ನಂಬುತ್ತಾರೆ. ನಮ್ಮ ಏರಿಯಾದಲ್ಲಿ ಎಲ್ಲರೂ ಹೀಗೇ ಮಾರೋದು.

ನೀರುಗಂಟಿ

ಮೀಟರ್ ಇಟ್ಟುಕೊಳ್ಳಲೇಬೇಕು, ಆರ್‌ಒದಲ್ಲಿ ನೀರು ಸೋಸುವ ಮೆಂಬ್ರೇನ್ ಕೆಲಸ ಮಾಡ್ತಿದೆಯಾ ಅಂತ ದಿನಾ ತಿಳಿಯೋದು ಅದರಿಂದಲೇ. ಆದರೆ ಅದು ಅಳೆಯೋದು ನೀರಿನಲ್ಲಿ ಕರಗಿದ ಲವಣ ಮಾತ್ರ. ಕ್ರಿಮಿ ಅದಕ್ಕೆ ಕಾಣೋದಿಲ್ಲ. 50 ತೋರಿಸುವ ನೀರನ್ನು ತೊಳೆಯದ ಕ್ಯಾನಿಗೆ ತುಂಬಿದರೂ ಮೀಟರ್ 50 ಅಂತಲೇ ತೋರಿಸುತ್ತೆ.

ಇನ್ನೊಂದು. ಎಲ್ಲಾ ಮನೆಯದೂ ಪಿಟ್ ಅಂದಿದ್ದಾರೆ. 30×40 ಸೈಟಿನಲ್ಲಿ ಪಿಟ್ಟು, ಬೋರು ಎರಡೂ ಇದ್ದರೆ, ಪಕ್ಕದ ಮನೆ ಪಿಟ್ಟೂ ಸೇರಿ, ನೆಲದ ನೀರಿಗೆ ನೈಟ್ರೇಟ್ ಇಳಿಯುತ್ತೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ನಡೆಯುತ್ತೆ. ನೈಟ್ರೇಟಿಗೆ ಅಂಥ ರಿಯಾಯಿತಿ ಇಲ್ಲ, ಲೀಟರಿಗೆ 45 ಮಿಲಿಗ್ರಾಂ ಅಂದರೆ 45. ಹಸುಗೂಸಿಗೆ ಪುಡಿ ಹಾಲು ಕಲಸುವ ಮನೆಗೂ ನೀವು ಕ್ಯಾನ್ ಹಾಕುತ್ತೀರಿ ಅನ್ನೋದು ನೆನಪಿರಲಿ.

ಈಗ ಘಟಕಗಳಲ್ಲಿ ನಡೆಯುವ ಒಂದು ಕೆಲಸ ಹೇಳುತ್ತೇನೆ. 50 ಟಿಡಿಎಸ್ ನೀರು ಬಾಯಿಗೆ ಸಪ್ಪೆ, ಜನ ರುಚಿ ಇಲ್ಲ ಅನ್ನುತ್ತಾರೆ. ಅದಕ್ಕೆ ಒಂದು ವಾಲ್ವ್ ಇಟ್ಟು ಬೋರಿನ ನೀರನ್ನೇ ಸ್ವಲ್ಪ ಬೆರೆಸುತ್ತಾರೆ. ಟಿಡಿಎಸ್ 120, 150 ಬರುತ್ತೆ, ರುಚಿ ಬರುತ್ತೆ, ನೀರೂ ಉಳಿಯುತ್ತೆ. ಆದರೆ ಆ ಬೆರೆಸಿದ ಭಾಗ ಆರ್‌ಒ ಕಂಡೇ ಇಲ್ಲ. ಅದರ ನೈಟ್ರೇಟ್ ಹಾಗೇ ಬರುತ್ತೆ. ಯುವಿ ದೀಪ ಬೆರೆಸುವ ಜಾಗಕ್ಕಿಂತ ಮುಂಚೆ ಇದ್ದರೆ ಕ್ರಿಮಿಯೂ ಹಾಗೇ ಬರುತ್ತೆ. ಯಾವುದೇ ಘಟಕಕ್ಕೆ ಹೋದರೂ ನಾನು ಮೊದಲು ಪೈಪ್ ಹಿಡಿದು ಹೋಗಿ ನೋಡೋದು ಇದನ್ನೇ: ಬೆರಕೆ ಆದಮೇಲೆ ಯುವಿ ಇದೆಯಾ, ಮುಂಚೆ ಇದೆಯಾ.

ಕ್ರಿಮಿಗೆ ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತೆ. ಗೆರೆವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಕಪ್ಪಾದರೆ ಆ ನೀರು ಮಾರಬೇಡಿ. ನಲ್ಲಿಯಿಂದ ಒಂದು, ಗಿರಾಕಿ ಮನೆಯ ಕ್ಯಾನಿನಿಂದ ಒಂದು ಮಾಡಿ. ಬಹಳ ಸಲ ನಲ್ಲಿಯದು ಚೆನ್ನಾಗಿರುತ್ತೆ, ಕ್ಯಾನಿಂದು ಕಪ್ಪಾಗುತ್ತೆ.

ಟಿಡಿಎಸ್‌ಮೀಟರ್

ಇಷ್ಟೆಲ್ಲ ಮಾಡೋರು ಯಾರಿದ್ದಾರೆ ಸಾರ್? 5 ರೂಪಾಯಿ ಕಾಯಿನ್ ಹಾಕಿ ಹಿಡಿಯುವ ಸರ್ಕಾರಿ ಘಟಕದಲ್ಲಿ ಮಾಡ್ತಾರಾ? ಬೆರಕೆ ವಿಷಯ ಮಾತ್ರ ಗೊತ್ತಿರಲಿಲ್ಲ.

ನಾಗರತ್ನ_ತಿಂಡಿಮನೆ

ನೀರಿನ ವಿಷಯ ನನಗೆ ಗೊತ್ತಿಲ್ಲ, ಹೊಸ ಬಡಾವಣೆಯಲ್ಲಿ ವ್ಯಾಪಾರ ಅಂತ ಇತ್ತು, ಅದಕ್ಕೆ ನನ್ನದು ಹೇಳ್ತೀನಿ. ನಾನು ಶ್ರೀರಾಂಪುರ ಆಚೆ ಒಂದು ಬಡಾವಣೆಯಲ್ಲಿ ಶೆಡ್ ಹಾಕಿ ಬೆಳಿಗ್ಗೆ ತಿಂಡಿ ಮಾಡ್ತೀನಿ. ಗಿರಾಕಿಗಳೆಲ್ಲ ಗಾರೆ ಕೆಲಸದವರು, ಬಾರ್ ಬೆಂಡಿಂಗ್‌ನವರು, ಪ್ಲಂಬರ್‌ಗಳು. ಏಳು ಗಂಟೆಯಿಂದ ಒಂಬತ್ತೂವರೆ, ಅಷ್ಟರಲ್ಲಿ ಮುಗೀಬೇಕು. ಚಿತ್ರಾನ್ನ, ಇಡ್ಲಿ, ಮಧ್ಯಾಹ್ನಕ್ಕೆ ಮುದ್ದೆ ಸಾರು ಹೇಳಿದವರಿಗೆ ಮಾತ್ರ. ಮನೆಯವರು ಯಾರೂ ನನ್ನ ಹತ್ತಿರ ಬರಲ್ಲ, ಅವರು ಮನೇಲಿ ಮಾಡ್ಕೋತಾರೆ. ಹೊರ ರಾಜ್ಯದ ಹುಡುಗರೂ ಬರಲ್ಲ, ಶೆಡ್ಡಲ್ಲೇ ಅಡಿಗೆ ಮಾಡ್ಕೋತಾರೆ. ಸೋಮವಾರ ಕಮ್ಮಿ, ಮೋಲ್ಡ್ ಹಾಕೋ ದಿನ ಜಾಸ್ತಿ. ಹಾಗಾಗಿ ಯಾವ ಸೈಟಲ್ಲಿ ಯಾವತ್ತು ಮೋಲ್ಡ್ ಅಂತ ಮೇಸ್ತ್ರಿಗಳನ್ನು ಹಿಂದಿನ ದಿನವೇ ಕೇಳಿಟ್ಕೋತೀನಿ.

ಅಣ್ಣಾ, ಒಂದು ಮಾತ್ರ. ಮೇಸ್ತ್ರಿಗಳಿಗೆ ಬರೆಸಿ ಸಾಲ ಕೊಡಬೇಡಿ. ಮನೆ ಮುಗಿದ ಮೇಲೆ ಅವರು ಬೇರೆ ಬಡಾವಣೆಗೆ ಹೋಗ್ತಾರೆ, ಪುಸ್ತಕ ನಿಮ್ಮ ಹತ್ತಿರ ಉಳಿಯುತ್ತೆ.

ಮೂಲೆಸೈಟು

ನಾಗರತ್ನಕ್ಕ, ಇದು ಬಹಳ ಉಪಯೋಗ ಆಯ್ತು. ನೀರುಗಂಟಿಯವರೇ, ನಾನೂ ಮನೆಯವರೂ ಸಂಜೆ ಸುತ್ತಿ ಎಣಿಸಿದೆವು. ದೀಪ ಉರಿದ ಮನೆ 118. ಹಾಲಿನ ಹುಡುಗ "ನೂರಾ ಹತ್ತು ಮನೆಗೆ ಹಾಕ್ತೀನಿ ಅಂಕಲ್" ಅಂದ. ಕಟ್ಟುತ್ತಿರುವುದು 46, ಅದರಲ್ಲಿ ನಿಜವಾಗಿ ಕೆಲಸ ನಡೀತಿರೋದು 20ರ ಆಸುಪಾಸು. ಬೋರಿನ ನೀರಿನ ವರದಿ ಬಂತು: ಟಿಡಿಎಸ್ 910, ಗಡಸುತನ 520, ನೈಟ್ರೇಟ್ 38, ಫ್ಲೋರೈಡ್ 0.8. 600 ಮನೆ ಎಲ್ಲಿ, 118 ಎಲ್ಲಿ. ಡೀಲರ್ ಫೋನ್ ಮಾಡುತ್ತಲೇ ಇದ್ದಾನೆ, ನಾನು ಎತ್ತುತ್ತಿಲ್ಲ.

ನೀರುಗಂಟಿ

118 ಕೆಟ್ಟ ಸಂಖ್ಯೆ ಏನಲ್ಲ. ಈಗ ಲೆಕ್ಕ ಹಾಕೋಣ.

118ರಲ್ಲಿ ಅರ್ಧದಷ್ಟು ಮನೆಯಲ್ಲಿ ಸ್ವಂತ ಪ್ಯೂರಿಫೈಯರ್ ಇರುತ್ತೆ. 520 ಗಡಸು ನೀರಿಗೆ ಅದು ಬೇಗ ಕಟ್ಟಿಕೊಳ್ಳುತ್ತೆ, ಆಗ ಕೆಲವರು ನಿಮ್ಮ ಕಡೆ ಬರುತ್ತಾರೆ, ಅದನ್ನು ಈಗ ಲೆಕ್ಕಕ್ಕೆ ಹಿಡಿಯೋದು ಬೇಡ. ಉಳಿದ 60 ಮನೆ. ನಾಲ್ಕು ಜನರ ಮನೆಗೆ ಕುಡಿಯಲು, ಅಡಿಗೆಗೆ ಎರಡು ದಿನಕ್ಕೊಂದು ಕ್ಯಾನ್ ಸಾಕು, ತಿಂಗಳಿಗೆ 15. ಅಲ್ಲಿಗೆ 900 ಕ್ಯಾನ್. ಕೆಲಸ ನಡೆಯುವ 20 ಸೈಟಿಗೆ ದಿನಕ್ಕೊಂದರಂತೆ, ಕೆಲಸದ ದಿನ 25 ಅಂತ ಇಟ್ಟರೆ 500. ಒಟ್ಟು 1400 ಕ್ಯಾನ್, 28,000 ಲೀಟರ್. ದಿನಕ್ಕೆ ಸಾವಿರ ಲೀಟರಿಗಿಂತ ಕಮ್ಮಿ.

ಈಗ ಡೀಲರ್ ಹೇಳಿದ ಮಷಿನ್ ನೋಡಿ. ಗಂಟೆಗೆ 1000 ಲೀಟರ್. ದಿನಕ್ಕೆ ಒಂದು ಗಂಟೆ ಓಡಿಸಿ 23 ಗಂಟೆ ಸುಮ್ಮನೆ ನಿಲ್ಲಿಸಬೇಕು. ದುಡ್ಡು ದಂಡ ಆಗೋದು ಒಂದು ಕಡೆ, ನಿಂತ ಮೆಂಬ್ರೇನಿನೊಳಗೆ ಲೋಳೆ ಕಟ್ಟುತ್ತೆ ಅನ್ನೋದು ಇನ್ನೊಂದು ಕಡೆ. ನಿಮಗೆ ಗಂಟೆಗೆ 250 ಲೀಟರ್‌ನದು ಸಾಕು. ದಿನಕ್ಕೆ ನಾಲ್ಕು ಗಂಟೆ ಓಡುತ್ತೆ. ನಾಲ್ಕಿಂಚಿನ ಒಂದೇ ಮೆಂಬ್ರೇನ್, ಸಿಂಗಲ್ ಫೇಸ್ ಕರೆಂಟು ಸಾಕು. ಗಿರಾಕಿ ಹೆಚ್ಚಾದರೆ ಎಂಟು ಗಂಟೆ ಓಡಿಸಿ, ಅದೂ ಸಾಲದೆ ಬಂದರೆ ಪಕ್ಕದಲ್ಲಿ ಇನ್ನೊಂದು ಮೆಂಬ್ರೇನ್ ಕೂರಿಸಲು ಈಗಲೇ ಫ್ರೇಮಿನಲ್ಲಿ ಜಾಗ ಬಿಡಿಸಿ.

ಆದರೆ ಗಡಸುತನ 520 ಇರೋದರಿಂದ ಮೆಂಬ್ರೇನಿಗೆ ಮುಂಚೆ ಸಾಫ್ಟ್‌ನರ್ ಆಗಲಿ, ಆಂಟಿಸ್ಕೇಲಂಟ್ ಹನಿ ಹನಿ ಬಿಡುವ ಡೋಸಿಂಗ್ ಪಂಪ್ ಆಗಲಿ ಬೇಕೇ ಬೇಕು. ಅದಿಲ್ಲದೆ ಕೂರಿಸಿದರೆ ಬಿಳಿ ಗಸಿ ಕಟ್ಟಿ ಕೆಲವೇ ತಿಂಗಳಲ್ಲಿ ನೀರು ಬರೋದೇ ನಿಲ್ಲುತ್ತೆ. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷ ಬರುತ್ತೆ.

ಸುಮಾರು ಬೆಲೆ: ಮರಳು, ಕಾರ್ಬನ್ ಫಿಲ್ಟರ್, ಡೋಸಿಂಗ್, ಯುವಿ, ಟ್ಯಾಂಕ್ ಎಲ್ಲಾ ಸೇರಿ ಮಷಿನ್ 1.5 ಲಕ್ಷ. ಟೈಲ್ಸ್ ಹಾಕಿದ ಶೆಡ್ 1 ಲಕ್ಷ. 200 ಕ್ಯಾನ್ 30,000. ಹಳೆಯ ಮೂರು ಚಕ್ರದ ಸಾಮಾನು ಗಾಡಿ 1.5 ಲಕ್ಷ. ಪರವಾನಗಿ, ಪರೀಕ್ಷೆ, ಕರೆಂಟ್ ಕನೆಕ್ಷನ್ ಬದಲಾವಣೆಗೆ ಒಂದಿಷ್ಟು. ನಾಲ್ಕೂವರೆ ಲಕ್ಷ ಆಗುತ್ತೆ.

ತಿಂಗಳ ವಸೂಲಿ 1400 × 30 = 42,000. ಅದರಲ್ಲಿ ಕ್ಯಾನ್ ಎತ್ತುವ ಹುಡುಗನಿಗೆ 14,000, ಗಾಡಿಗೆ 4,500, ಕರೆಂಟಿಗೆ 2,000, ಕಾರ್ಟ್ರಿಡ್ಜ್, ಕೆಮಿಕಲ್, ಮೆಂಬ್ರೇನಿಗೆ ಎತ್ತಿಡೋದು ಸೇರಿ 3,000. ಒಡೆದ ಕ್ಯಾನ್, ಬಾರದ ಬಾಕಿ 2,500. ಕೈಯಲ್ಲಿ ಉಳಿಯೋದು 16,000. ಮನೆಯವರ ದುಡಿಮೆಗೆ ಇದರಲ್ಲಿ ಸಂಬಳ ಹಿಡಿದಿಲ್ಲ. 1400 ಕ್ಯಾನ್ ಮೊದಲ ತಿಂಗಳೇ ಹೋಗೋದೂ ಇಲ್ಲ. ಪೂರ್ತಿ ಗಿರಾಕಿ ಕುದುರಿದ ಮೇಲೆ ಹಾಕಿದ ದುಡ್ಡು ವಾಪಸ್ ಬರೋಕೆ ಎರಡೂವರೆ ವರ್ಷ.

ನೋಡಿ, ಖರ್ಚಲ್ಲಿ ದೊಡ್ಡದು ನೀರಲ್ಲ, ಹುಡುಗ ಮತ್ತೆ ಗಾಡಿ. ಈ ವ್ಯಾಪಾರದಲ್ಲಿ ಮಾರೋದು ಮೆಟ್ಟಿಲು ಹತ್ತಿಸಿ ಕೊಡುವ ಕೆಲಸವನ್ನ. ಎರಡನೇ ಮಹಡಿಗೆ ಹತ್ತಿಸಲ್ಲ ಅಂದ ಹುಡುಗನಿಂದ ಹೋದ ಗಿರಾಕಿ ವಾಪಸ್ ಬರಲ್ಲ.

ಉಂಡುವಾಡಿ_ಯಾವಾಗ

ಎಲ್ಲಾ ಸರಿ, ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆ ಮರೆತಿರಾ? ಕಾವೇರಿ ನೀರು ರಿಂಗ್ ರೋಡ್ ಆಚೆಗೂ ಬರುತ್ತೆ. ಬಂದ ದಿನ ನಿಮ್ಮ ಘಟಕಕ್ಕೆ ಬೀಗ. ಎರಡೂವರೆ ವರ್ಷದ ಲೆಕ್ಕ ಹಾಕುತ್ತಾ ಕೂತರೆ ನಲ್ಲಿ ಬಂದು ಬಾಗಿಲಲ್ಲಿ ನಿಂತಿರುತ್ತೆ.

ಗೋಕುಲದವಳು

ಯೋಜನೆ ಹೆಸರು ಕೇಳುತ್ತಾ ನನ್ನ ಮಗಳು ಹೈಸ್ಕೂಲು ಮುಗಿಸಿದಳು 😀 ತಮಾಷೆ ಬಿಡಿ, ನಾನು ಹಳೇ ಊರಿನ ಒಳಗಿರೋದು, ಕಾವೇರಿ ನೀರೇ ಬರೋದು, ಆದರೂ ನಮ್ಮ ಬೀದಿಯಲ್ಲಿ ಕ್ಯಾನ್ ಗಾಡಿ ದಿನಾ ಬರುತ್ತೆ. ಹಾಸ್ಟೆಲು, ಅಂಗಡಿ, ಆಫೀಸು, ಬಾಡಿಗೆ ಹುಡುಗರು ತಗೋತಾರೆ. ಮನೆಯವರು ತಗೊಳ್ಳಲ್ಲ.

ನೀರುಗಂಟಿ

ಇಬ್ಬರೂ ಅರ್ಧರ್ಧ ಸರಿ. ಯೋಜನೆಯ ನೀರು ಮುಖ್ಯ ಟ್ಯಾಂಕಿಗೆ ಬರೋದು ಒಂದು, ಹಸ್ತಾಂತರ ಆಗದ ಖಾಸಗಿ ಬಡಾವಣೆಯ ಒಳಪೈಪಿಗೆ ಬರೋದು ಇನ್ನೊಂದು. ಮೂಲೆಸೈಟಿನವರು ಕಣ್ಣಿಡಬೇಕಾದ್ದು ಪೇಪರಿನ ಸುದ್ದಿ ಮೇಲಲ್ಲ, ಹಸ್ತಾಂತರದ ಕಡತದ ಮೇಲೆ. ಪಟ್ಟಣ ಪಂಚಾಯಿತಿ ಬಡಾವಣೆಯನ್ನು ವಹಿಸಿಕೊಂಡು, ಮನೆ ಮನೆಗೆ ಮೀಟರ್ ಕನೆಕ್ಷನ್‌ಗೆ ಅರ್ಜಿ ಕರೆದರು ಅಂದರೆ ನಿಮಗೆ ಆರು ತಿಂಗಳು, ವರ್ಷ ಉಳಿದಿದೆ ಅಂತ ಲೆಕ್ಕ. ಆಗ ಹೊಸ ಮಷಿನ್ ತಗೋಬೇಡಿ, ಗಾಡಿ ಬದಲಿಸಬೇಡಿ.

ಅದಕ್ಕೇ ನಾನು ಸಣ್ಣ ಮಷಿನ್ ಹೇಳಿದ್ದು. ಸೌಕರ್ಯ ಇಲ್ಲದ ಕಡೆ ಮಾಡುವ ವ್ಯಾಪಾರ ಯಾವುದೇ ಆಗಲಿ, ಆ ಸೌಕರ್ಯ ಬರೋದರೊಳಗೆ ಹಾಕಿದ್ದು ವಾಪಸ್ ಬರಬೇಕು. ಗಾಡಿ, ಕ್ಯಾನು, ಗಿರಾಕಿಗಳ ಫೋನ್ ನಂಬರ್ ನಾಳೆ ಬೇರೆ ವ್ಯಾಪಾರಕ್ಕೂ ಆಗುತ್ತೆ. 1000 ಲೀಟರ್ ಮಷಿನ್ ಗುಜರಿಗೆ ಹೋಗುತ್ತೆ.

ಹುಬ್ಬಳ್ಳಿ_ಕಾಕಾ

ನಮ್ಮ ಹುಬ್ಬಳ್ಳಿ ಕಡೀದೊಂದ್ ಮಾತ್ ಹೇಳ್ತೀನ್ರಿ. ನವನಗರದ ಆಚೀ ಹೊಸಾ ಲೇಔಟ್ ಒಂದರಾಗ ನಮ್ಮ ತಮ್ಮ ಟ್ಯಾಂಕರ್ ಇಟ್ಟಿದ್ದ. ಟ್ಯಾಂಕರ್ ಬಗ್ಗೆ ಯಾರೂ ಮಾತಾಡ್ಲಿಲ್ಲ ನೋಡ್ರಿ, ಅದಕ್ಕ ಬರದೆ. ಟ್ಯಾಂಕರ್‌ನ್ಯಾಗ ಗೆಲ್ಲಾವಾ ಯಾರು ಅಂದ್ರ ಹೊಲದಾಗ ಬೋರ್ ಇದ್ದಾವಾ. ಅವಂಗ ನೀರೂ ತಂದ, ಟ್ರ್ಯಾಕ್ಟರೂ ತಂದ, ಮಳಿಗಾಲದಾಗ ಟ್ಯಾಂಕರ್ ಬಿಚ್ಚಿಟ್ಟು ಹೊಲಾ ಹೊಡೀತಾನ. ನೀವು ಸಾಲಾ ಮಾಡಿ ಗಾಡಿ ತಂದು, ಅವನ ಕಡೀಂದನ ನೀರು ಕೊಂಡು ಮಾರಿದ್ರ ನಿಮಗೇನ್ ಉಳೀತದ? ಬ್ಯಾಸಗ್ಯಾಗ ಅವಾ ನಿಮಗ ನೀರು ಕೊಡೂದ ಬಂದ್ ಮಾಡ್ತಾನ, ತಾನ ಮಾರ್ತಾನ.

ಮತ್ತ ಬ್ಯಾಸಗ್ಯಾಗ ರೇಟ್ ಏರಿಸಿ ಗಳಸ್ತೀನಿ ಅಂದ್ರ ಅದೂ ಖಾತ್ರಿ ಇಲ್ಲ. 2024ರ ಮಾರ್ಚ್‌ನ್ಯಾಗ ಬೆಂಗಳೂರಾಗ ಜಿಲ್ಲಾಡಳಿತ ರೇಟ್ ಕಟ್ಟಿತು ನೋಡ್ರಿ, 5 ಕಿಲೋಮೀಟರ್ ಒಳಗ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿಗೆ 1,000. ನಿಮ್ಮ ಗಳಿಕಿ ಬರೂ ತಿಂಗಳದಾಗನ ಸರಕಾರ ಬರ್ತದ.

ಮೂಲೆಸೈಟು

ಕಾಕಾ, ಟ್ಯಾಂಕರ್ ಆಸೆ ಇಲ್ಲಿಗೆ ಮುಗೀತು. ನಮ್ಮಲ್ಲೂ ಪಕ್ಕದ ಹಳ್ಳಿಯ ಇಬ್ಬರು ಟ್ರ್ಯಾಕ್ಟರ್ ಟ್ಯಾಂಕರ್ ಇಟ್ಟಿದ್ದಾರೆ, ಇಬ್ಬರಿಗೂ ತೋಟದಲ್ಲಿ ಬೋರ್ ಇದೆ. ಹಾಗಾದರೆ ಪಿಟ್ ಖಾಲಿ ಮಾಡುವ ಸಕ್ಕಿಂಗ್ ಗಾಡಿ? ಎಲ್ಲರದೂ ಪಿಟ್ಟೇ, ಯುಜಿಡಿ ಹತ್ತಿರದಲ್ಲಿ ಬರೋ ಲಕ್ಷಣ ಇಲ್ಲ.

ದೊಡ್ಡಪೈಪು

ನಮ್ಮ ಮಾವನ ಗಾಡಿ ಇದೆ, ಲೆಕ್ಕ ನಾನು ಬರೆಯೋದು. ಸೆಕೆಂಡ್ ಹ್ಯಾಂಡ್ ಗಾಡಿಗೇ 10 ಲಕ್ಷದ ಮೇಲೆ ಬೇಕು, ನಿಮ್ಮ ಬಜೆಟ್‌ಗೆ ಬರಲ್ಲ. ಬಂದರೂ ಈಗ ಬೇಡ. ಹೊಸ ಮನೆ ಪಿಟ್ ತುಂಬೋಕೆ ಎರಡು ಮೂರು ವರ್ಷ ಹಿಡಿಯುತ್ತೆ. ನಿಮ್ಮ ಬಡಾವಣೆಯ ಮನೆಗಳೇ ಎರಡು ವರ್ಷದವು ಅಂದ್ರಲ್ಲ, ಕರೆ ಬರೋದು ಇನ್ನು ಮೇಲೆ. ಬೇಗ ಬರುವ ಕರೆ ಅಂದರೆ ಜೇಡಿಮಣ್ಣಿನ ಜಾಗದಲ್ಲಿ, ನೀರು ಇಂಗದೆ ಮಳೆಗಾಲದಲ್ಲಿ ಉಕ್ಕುವ ಪಿಟ್‌ಗಳು.

ಕಷ್ಟ ಇರೋದು ಎಳೆಯೋದರಲ್ಲಲ್ಲ, ಸುರಿಯೋದರಲ್ಲಿ. ಮೈಸೂರಿನ ಕೊಳಚೆ ಶುದ್ಧೀಕರಣ ಘಟಕಗಳು ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ ಕಡೆ ಇವೆ. ಬೋಗಾದಿ ಆಚೆಯಿಂದ ಪ್ರತಿ ಲೋಡಿಗೂ ಅಷ್ಟು ದೂರ ಹೋಗಿ ಬಂದರೆ ಡೀಸೆಲ್‌ಗೆ ಹೋಗುತ್ತೆ. ಹೋಗದೇ ರಾತ್ರಿ ಮೋರಿಗೋ ಕೆರೆಗೋ ಬಿಡುವವರು ಕಮ್ಮಿ ರೇಟಿಗೆ ಮಾಡ್ತಾರೆ, ಅವರ ಜೊತೆ ಪೈಪೋಟಿ ಮಾಡಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಪಿಟ್ ಮಲಕ್ಕೇ ಅಂತ ಒಂದು ಸಂಸ್ಕರಣಾ ಘಟಕ ಆಯ್ತು, ಅಂಥದ್ದು ಪ್ರತಿ ಪಟ್ಟಣ ಪಂಚಾಯಿತಿಗೂ ಬೇಕು.

ಇನ್ನೊಂದು ವಿಷಯ, ತಳದ ಗಸಿ ಗಟ್ಟಿಯಾಗಿದೆ ಅಂತ ಆಳನ್ನು ಪಿಟ್‌ಗೆ ಇಳಿಸಿ ಅನ್ನೋ ಮನೆಯವರು ಈಗಲೂ ಇದ್ದಾರೆ. ಇಳಿಸಬಾರದು. 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಒಳಗಿನ ಗ್ಯಾಸ್‌ಗೆ ಎರಡು ಉಸಿರು ಸಾಕು. ನಮ್ಮ ಮಾವ ನೀರು ಬಿಟ್ಟು ಕಲಕಿ ಎಳೀತಾರೆ, ಆಗದಿದ್ದರೆ ದುಡ್ಡು ಬೇಡ ಅಂತ ವಾಪಸ್ ಬರ್ತಾರೆ.

ಟಿಡಿಎಸ್‌ಮೀಟರ್

ನೀರಿನ ಘಟಕಕ್ಕೇ ಬರೋಣ. ಆರ್‌ಒದಲ್ಲಿ ಅರ್ಧ ನೀರು ವೇಸ್ಟ್ ಆಗಿ ಹೋಗುತ್ತಲ್ಲ, ಅದನ್ನೇ ಪಕ್ಕದ ಕಟ್ಟಡಗಳಿಗೆ ಮಾರಿಬಿಡಿ. ಕ್ಯೂರಿಂಗ್‌ಗೆ ಹೇಗಿದ್ದರೂ ನೀರು ಬೇಕು, ಟ್ಯಾಂಕರ್‌ಗಿಂತ ಕಮ್ಮಿ ರೇಟು ಹಾಕಿ. ಎರಡೂ ಕಡೆ ದುಡ್ಡು.

ನೀರುಗಂಟಿ

ಒಳ್ಳೆಯ ಯೋಚನೆ, ಆದರೆ ಹಾಗೇ ಮಾರಬೇಡಿ. 910 ಟಿಡಿಎಸ್ ನೀರಿನಲ್ಲಿ ಅರ್ಧ ತೆಗೆದರೆ ಉಳಿದರ್ಧದಲ್ಲಿ ಲವಣ ಹೆಚ್ಚುಕಮ್ಮಿ ಎರಡರಷ್ಟು, 1750ರ ಹತ್ತಿರ. ಕಾಂಕ್ರೀಟಿನ ಮಾನಕ ಐಎಸ್ 456ರಲ್ಲಿ ಒಟ್ಟು ಲವಣ 3000ದವರೆಗೆ ಇರಬಹುದು, ಅದಕ್ಕೆ ತೊಂದರೆ ಇಲ್ಲ. ಆದರೆ ಕಬ್ಬಿಣ ಇರುವ ಕಾಂಕ್ರೀಟಿಗೆ ಕ್ಲೋರೈಡ್ 500ರ ಒಳಗಿರಬೇಕು. ಅವರ ವರದಿಯಲ್ಲಿ ಕ್ಲೋರೈಡ್ ಎಷ್ಟು ಅಂತ ಹೇಳಿಲ್ಲ. 250 ದಾಟಿದ್ದರೆ ಉಳಿದ ನೀರು 500 ದಾಟುತ್ತೆ. ಅಂಥ ನೀರಿನಲ್ಲಿ ಗೋಡೆ ನೆನೆಸಿದರೆ ಉಪ್ಪು ಬಿಳಿಯಾಗಿ ಹೊರಗೆ ಬರುತ್ತೆ, ಆಮೇಲೆ ಬಣ್ಣ ಕಿತ್ತು ಬಂತು ಅಂತ ನಿಮ್ಮ ಮನೆ ಬಾಗಿಲಿಗೆ ಬರ್ತಾರೆ. ಪಾಯದೊಳಗೆ ಮಣ್ಣು ತುಂಬಿ ದಿಮ್ಮಸು ಹೊಡೆಯೋಕೆ, ಧೂಳಿನ ರಸ್ತೆಗೆ ಚಿಮುಕಿಸೋಕೆ, ಕ್ಯಾನಿನ ಹೊರಮೈ ಮೊದಲ ಸಲ ತೊಳೆಯೋಕೆ ಆಗುತ್ತೆ.

ಮಾರದಿದ್ದರೂ ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಈಗಲೇ ಯೋಚಿಸಬೇಕು. ದಿನಾ ಸಾವಿರ ಲೀಟರ್, ಯುಜಿಡಿ ಇಲ್ಲ. ಮನೆ ಪಿಟ್‌ಗೆ ಬಿಟ್ಟರೆ ವಾರದಲ್ಲಿ ಉಕ್ಕುತ್ತೆ. ರಸ್ತೆಗೆ ಬಿಟ್ಟರೆ ಪಾಚಿ ಕಟ್ಟಿ ಯಾರಾದರೂ ಗಾಡಿ ಜಾರಿ ಬೀಳ್ತಾರೆ. ನನಗೆ ಗೊತ್ತಿರುವ ಘಟಕಗಳಲ್ಲಿ ಅಕ್ಕಪಕ್ಕದವರ ಜಗಳ ಶುರುವಾಗಿದ್ದೇ ಈ ನೀರಿಂದ, ಕ್ಯಾನಿಂದಲ್ಲ.

ಗೋಕುಲದವಳು

ನನಗೊಂದು ಅನುಮಾನ. ಮನೆ ಬೋರಿನ ನೀರು ತೆಗೆದು ಮಾರೋದಕ್ಕೆ ಅನುಮತಿ ಬೇಡವಾ? ಪಕ್ಕದವರ ಬೋರ್ ಬತ್ತಿದರೆ?

ನೀರುಗಂಟಿ

ಬೇಕು ಮೇಡಂ. ಅಂತರ್ಜಲಕ್ಕೆ ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಮನೆ ಬಳಕೆ ಅಂತ ಕೊರೆಸಿದ ಬೋರಿನಿಂದ ವ್ಯಾಪಾರ ಮಾಡೋಕೆ ಹೊರಟರೆ ಮೊದಲು ಅಂತರ್ಜಲ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಪಟ್ಟಣ ಪಂಚಾಯಿತಿಯ ವ್ಯಾಪಾರ ಪರವಾನಗಿ ಬೇರೆ. ಕ್ಯಾನಿಗೆ ಸೀಲು, ಲೇಬಲ್ ಹಾಕಿ ಮಾರಿದರೆ ಅದು ಪ್ಯಾಕ್ ಮಾಡಿದ ಕುಡಿಯುವ ನೀರು, ಎಫ್‌ಎಸ್‌ಎಸ್‌ಎಐ ಲೈಸೆನ್ಸು, ಲ್ಯಾಬ್ ಪರೀಕ್ಷೆ, ತಪಾಸಣೆ ಎಲ್ಲಾ ಬರುತ್ತೆ. ಆ ಮಟ್ಟದ ಘಟಕ 7 ಲಕ್ಷದಲ್ಲಿ ಆಗೋದಿಲ್ಲ. ಅಂಗಡಿಗಳಲ್ಲಿ ಸಿಗುವ ಚಂದದ ಲೇಬಲ್ ಅಂಟಿಸಿಕೊಂಡು ಮಾರುವವರನ್ನು ನೋಡಿ ಆಸೆಪಡಬೇಡಿ. ಪಕ್ಕದ ಬೋರ್ ಬತ್ತುವ ಪ್ರಶ್ನೆಗೆ ಉತ್ತರ ಕಷ್ಟ. ದಿನಕ್ಕೆ ಎರಡು ಸಾವಿರ ಲೀಟರ್ ದೊಡ್ಡ ಪ್ರಮಾಣ ಅಲ್ಲ, ಆದರೆ ಬತ್ತಿದಾಗ ಬೆರಳು ತೋರಿಸೋದು ಘಟಕದ ಕಡೆಗೇ.

ಉಂಡುವಾಡಿ_ಯಾವಾಗ

ಇಷ್ಟೆಲ್ಲ ಮಾಡಿ 16,000. ಅದೇ ಶೆಡ್‌ನಲ್ಲಿ ಹಾಲು, ತರಕಾರಿ, ದಿನಸಿ ಇಟ್ಟರೆ ನಲ್ಲಿ ಬಂದರೂ ಮುಚ್ಚಬೇಕಾಗಿಲ್ಲ. ಹತ್ತಿರದ ಅಂಗಡಿ ಎಷ್ಟು ದೂರ ಅಂತ ಮೂಲೆಸೈಟಿನವರು ಹೇಳಲೇ ಇಲ್ಲ.

ಮೂಲೆಸೈಟು

ಒಂದೂವರೆ ಕಿಲೋಮೀಟರ್, ಮೇನ್ ರೋಡಲ್ಲಿ. ಮನೆಯವರ ಮನಸ್ಸೂ ಅಂಗಡಿ ಕಡೆಗೇ ಇದೆ. ಆದರೆ ಆಪ್‌ನಲ್ಲಿ ತರಿಸಿಕೊಳ್ಳುವ ಗಾಡಿಗಳು ಈಗಾಗಲೇ ಬಡಾವಣೆಗೆ ಬರೋಕೆ ಶುರುವಾಗಿವೆ.

ನಾಗರತ್ನ_ತಿಂಡಿಮನೆ

ಆಪ್‌ನವರು ಐದು ರೂಪಾಯಿ ಕೊತ್ತಂಬರಿ ತಂದುಕೊಡ್ತಾರಾ? ಹಾಲು, ಸೊಪ್ಪು, ಮೊಟ್ಟೆ, ಬ್ರೆಡ್ಡು ಇಡಿ ಸಾಕು. ಅಕ್ಕಿ ಮೂಟೆ ಇಡೋಕೆ ಹೋಗಬೇಡಿ, ಅದನ್ನ ಜನ ತಿಂಗಳಿಗೊಮ್ಮೆ ಊರಿಂದ ತಂದುಬಿಡ್ತಾರೆ. ಕ್ಯಾನ್ ಕೊಡೋ ಮನೆಗೇ ಸೊಪ್ಪು ಕೊಟ್ರೆ ಹುಡುಗನ ಸಂಬಳ ಎರಡು ಕಡೆ ಹಂಚಿ ಹೋಗುತ್ತೆ ಅಲ್ವಾ?

ನೀರುಗಂಟಿ

ನಾಗರತ್ನಮ್ಮ ಹೇಳಿದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ. 14,000 ಹಂಚಿಹೋದರೆ ಇಡೀ ಲೆಕ್ಕ ಬದಲಾಗುತ್ತೆ. ಆದರೆ ಕ್ಯಾನ್ ಬೇಕಾಗೋದು ಬೆಳಿಗ್ಗೆ ಹತ್ತರ ಮೇಲೆ, ಹಾಲು ಸೊಪ್ಪು ಆರು ಗಂಟೆಗೆ. ಒಬ್ಬನೇ ಹುಡುಗ ಎರಡಕ್ಕೂ ನಿಲ್ಲುತ್ತಾನಾ ಅನ್ನೋದು ನೋಡಬೇಕು.

ಮೂಲೆಸೈಟು

ಮೊದಲು ಹಾಲು ಸೊಪ್ಪಿನ ಅಂಗಡಿ ತೆರೆದು, ನೀರು ಆಮೇಲೆ ಶುರುಮಾಡೋಣ ಅಂತ ಮನೆಯಲ್ಲಿ ಮಾತಾಯ್ತು. ಅಷ್ಟರಲ್ಲಿ ಇನ್ನೊಂದು ಬಂದಿದೆ. ವಿಜಯನಗರ ಕಡೆ ಒಬ್ಬರು ಘಟಕ ಮುಚ್ಚುತ್ತಿದ್ದಾರೆ, ಗಂಟೆಗೆ 500 ಲೀಟರ್ ಮಷಿನ್ 70,000ಕ್ಕೆ ಕೊಡ್ತಾರಂತೆ. "ಮೊನ್ನೆವರೆಗೂ ಓಡ್ತಿತ್ತು" ಅಂತಾರೆ. ಭಾನುವಾರ ನೋಡೋಕೆ ಹೋಗ್ತಿದ್ದೀನಿ. ಏನು ನೋಡಬೇಕು?

ನೀರುಗಂಟಿ

ಓಡಿಸಿ ತೋರಿಸಿ ಅನ್ನಿ, ನಿಂತ ಮಷಿನ್ ನೋಡಿ ದುಡ್ಡು ಕೊಡಬೇಡಿ. ಅರ್ಧ ಗಂಟೆ ಓಡಿದ ಮೇಲೆ ಒಳಗೆ ಹೋಗುವ ನೀರು, ಹೊರಗೆ ಬರುವ ಒಳ್ಳೆಯ ನೀರು ಎರಡರ ಟಿಡಿಎಸ್ ಒಟ್ಟಿಗೆ ನೋಡಿ. ಒಳ್ಳೆಯ ನೀರು ಒಳಗಿನದರ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ದರೆ ಮೆಂಬ್ರೇನ್ ಹೋಗಿದೆ. ಬರೀ 60 ಅಂತ ತೋರಿಸಿದರೆ ಖುಷಿಪಡಬೇಡಿ, ಅಲ್ಲಿ ಒಳಗೆ ಹೋಗ್ತಿರೋದು 200ರ ಕಾವೇರಿ ನೀರಾಗಿರಬಹುದು. ಆಮೇಲೆ 20 ಲೀಟರ್ ಕ್ಯಾನ್ ಇಟ್ಟು ತುಂಬೋಕೆ ಎಷ್ಟು ಹೊತ್ತು ಅಂತ ನೋಡಿ. 500 ಲೀಟರ್ ಮಷಿನ್ ಆದರೆ ಎರಡೂವರೆ ನಿಮಿಷದೊಳಗೆ ತುಂಬಬೇಕು. ನಾಲ್ಕು ನಿಮಿಷ ತಗೊಂಡರೆ ಒಳಗೆ ಗಸಿ ಕಟ್ಟಿದೆ.

ಆಗುವುದಾದರೆ ಹೌಸಿಂಗಿನ ಮುಚ್ಚಳ ಬಿಚ್ಚಿಸಿ ಮೆಂಬ್ರೇನ್ ಹೊರಗೆ ಎಳೆಸಿ. ಗಸಿ ಕಟ್ಟಿದ್ದು ಎತ್ತಿದರೆ ಭಾರ ಬರುತ್ತೆ, ತುದಿಯಲ್ಲಿ ಸುಣ್ಣದ ಹರಳು ಕಾಣುತ್ತೆ. ಲೋಳೆ, ಕೊಳೆತ ವಾಸನೆ ಇದ್ದರೆ ಬಹಳ ದಿನ ನಿಂತಿದೆ ಅಂತ ಅರ್ಥ, ಮೊನ್ನೆವರೆಗೆ ಓಡಿದ್ದಲ್ಲ. ಮೆಂಬ್ರೇನ್ ಎರಡೂ ಹೋಗಿದ್ದರೆ ಪಂಪು, ಫ್ರೇಮು, ಫಿಲ್ಟರ್ ಟ್ಯಾಂಕ್‌ಗಳಿಗೆ ಅಂತ 35,000, 40,000 ಮೇಲೆ ಮಾತಾಡಬೇಡಿ.

ಮತ್ತೆ ಅವರು ಯಾಕೆ ಮುಚ್ಚುತ್ತಿದ್ದಾರೆ ಅಂತ ಅವರನ್ನು ಕೇಳೋದು ಬಿಟ್ಟು ಎದುರಿನ ಅಂಗಡಿಯವರನ್ನು ಕೇಳಿ.

ಮೂಲೆಸೈಟು

ಸರಿ ಸಾರ್. ಭಾನುವಾರ ಸಂಜೆ ಫೋಟೊ ಹಾಕ್ತೀನಿ. ಕ್ಲೋರೈಡ್ 190 ಇದೆ, ವರದಿಯ ಎರಡನೇ ಪುಟದಲ್ಲಿತ್ತು.

ಟಿಡಿಎಸ್‌ಮೀಟರ್

190 ಅಂದರೆ ಎರಡರಷ್ಟಾದರೂ 380. ಐನೂರರ ಒಳಗೇ. ಕ್ಯೂರಿಂಗ್‌ಗೆ ಮಾರಬಹುದು ಅಂತ ಆಯ್ತಲ್ಲ ನೀರುಗಂಟಿಯವರೇ?

ನೀರುಗಂಟಿ

ಈಗ ಸರಿ. ಬೇಸಿಗೆಯಲ್ಲಿ ಬೋರಿನ ಮಟ್ಟ ಇಳಿದಾಗ ಇನ್ನೊಂದು ಸಲ ಅಳೆಸಿ, ಆಮೇಲೆ ಹೇಳ್ತೀನಿ.